ಹೂಡಿಕೆದಾರರ ಮುಂದೆ ಎರಡು ನಿಮಿಷದ ಡೆಮೊ ವಿಡಿಯೊ: ನಮ್ಮ ಸ್ಕ್ರಿಪ್ಟ್ 4:10ಕ್ಕೆ ಬಂದು ನಿಂತಿದೆ, ಎಲ್ಲಿ ಕತ್ತರಿಸೋದು?

ಹಾಸನದ ಕ್ಯಾನು

ಎಲ್ಲರಿಗೂ ನಮಸ್ಕಾರ. ನಾವು ಇಬ್ಬರು ಸೇರಿ ಹಳ್ಳಿ ಹಾಲಿನ ಡೇರಿಗಳಿಗೆ ಒಂದು ಸಣ್ಣ ಪೆಟ್ಟಿಗೆ ಮಾಡಿದ್ದೇವೆ. ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್ ಇರುತ್ತಲ್ಲ, ಬಿಎಂಸಿ, ಅದರ ಪಕ್ಕದ ಗೋಡೆಗೆ ಇದನ್ನು ಹಾಕುತ್ತೇವೆ. ಕೂಲಿಂಗ್ ನಿಂತರೆ ಪೆಟ್ಟಿಗೆ ಡೇರಿ ಕಾರ್ಯದರ್ಶಿಗೆ ಫೋನ್ ಮಾಡುತ್ತದೆ. ಒಳಗೆ ಸಿಮ್ ಇದೆ, ಇಂಟರ್ನೆಟ್ ಬೇಕಿಲ್ಲ, ಕೀಪ್ಯಾಡ್ ಫೋನ್ ಸಾಕು. ಸದ್ಯಕ್ಕೆ ಆರು ಡೇರಿಗಳಲ್ಲಿ ಓಡುತ್ತಿದೆ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ಹೂಡಿಕೆದಾರರ ಮುಂದೆ ಹತ್ತು ನಿಮಿಷ ಕೊಟ್ಟಿದ್ದಾರೆ. ಅದರಲ್ಲಿ ವಿಡಿಯೊಗೆ ಎರಡೇ ನಿಮಿಷ. ನಾನು ಬರೆದ ಸ್ಕ್ರಿಪ್ಟ್ ಓದಿದರೆ 4 ನಿಮಿಷ 10 ಸೆಕೆಂಡ್ ಆಗುತ್ತಿದೆ. ಅದು ಹೀಗಿದೆ:

ಮೊದಲ 35 ಸೆಕೆಂಡ್ ಡ್ರೋನ್ ಶಾಟ್, ಸೂರ್ಯೋದಯ, ಹಸು, ಭಾರತ ಜಗತ್ತಿನಲ್ಲೇ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ ಅನ್ನುವ ಸಾಲು. ಆಮೇಲೆ 35 ಸೆಕೆಂಡ್ ನಮ್ಮಿಬ್ಬರ ಪರಿಚಯ. 50 ಸೆಕೆಂಡ್ ಸಮಸ್ಯೆ ಏನು ಅನ್ನುವ ಅನಿಮೇಷನ್: ನಡುರಾತ್ರಿ ಕರೆಂಟ್ ಹೋಗುತ್ತದೆ, ಹತ್ತೇ ನಿಮಿಷದಲ್ಲಿ ಹಾಲು ಕೆಡುತ್ತದೆ. 80 ಸೆಕೆಂಡ್ ಸೂಪರ್‌ವೈಸರ್ ನೋಡುವ ಆ್ಯಪ್‌ನ ಹನ್ನೊಂದು ಸ್ಕ್ರೀನ್. ಕೊನೆಗೆ 50 ಸೆಕೆಂಡ್ ಕಾರ್ಯದರ್ಶಿ ಒಳ್ಳೆಯ ಮಾತು ಹೇಳುವುದು ಮತ್ತು ಧನ್ಯವಾದ.

ಎಲ್ಲವೂ ಬೇಕು ಅನಿಸುತ್ತಿದೆ. ವೇಗವಾಗಿ ಓದಿದರೆ ಮೂರು ನಿಮಿಷಕ್ಕೆ ಬರುತ್ತದೆ, ಆದರೆ ನನ್ನ ಪಾರ್ಟ್ನರ್ ಅದನ್ನು ಕೇಳಿ ಹರಾಜು ಕೂಗಿದ ಹಾಗಿದೆ ಅಂದ.

ಗಾಂಧಿಬಜಾರ್ ಗಿರಾಕಿ

ಡ್ರಾಪ್‌ಬಾಕ್ಸ್‌ನವರು ಮಾಡಿದ್ದನ್ನೇ ಮಾಡಿ. 2008ರಲ್ಲಿ ಸುಮ್ನೆ ಸ್ಕ್ರೀನ್ ರೆಕಾರ್ಡ್ ಮಾಡಿ ಹಿಂದೆ ಮಾತಾಡಿ ಹಾಕಿದರು. ಒಂದೇ ರಾತ್ರಿಯಲ್ಲಿ ಕಾಯುವವರ ಪಟ್ಟಿ 5,000ದಿಂದ 75,000ಕ್ಕೆ ಏರಿತು. ಡ್ರೋನೂ ಇಲ್ಲ, ಸೂರ್ಯೋದಯವೂ ಇಲ್ಲ. ನಿಮ್ಮ ಹನ್ನೊಂದು ಸ್ಕ್ರೀನ್ ಇಟ್ಟುಕೊಳ್ಳಿ, ಮಿಕ್ಕಿದ್ದನ್ನೆಲ್ಲ ತೆಗೆಯಿರಿ.

ಕತ್ತರಿ ಪ್ರಯೋಗ

ಡ್ರೋನ್ ತೆಗೆಯಿರಿ ಅಂದಿದ್ದು ಸರಿ. ಉದಾಹರಣೆ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಡ್ರಾಪ್‌ಬಾಕ್ಸ್ ವಿಡಿಯೊ ಮಾಡಿದ್ದು ಬಳಸುವ ಜನಕ್ಕೆ. ಡಿಗ್ ಅನ್ನುವ ಸುದ್ದಿತಾಣ ಓದುತ್ತಿದ್ದ ಟೆಕ್ಕಿಗಳಿಗೇ ಅರ್ಥವಾಗುವ ತಮಾಷೆಗಳನ್ನು ಅದರೊಳಗೆ ಬಚ್ಚಿಟ್ಟಿದ್ದರು. ನೋಡಿದವನು "ನನಗೂ ಇದು ಬೇಕು" ಅಂದುಕೊಂಡು ಹೆಸರು ಬರೆಸಿದ. ಹೂಡಿಕೆದಾರ ನಿಮ್ಮ ಪೆಟ್ಟಿಗೆ ಕೊಳ್ಳುವವನಲ್ಲ. ಅವನ ತಲೆಯಲ್ಲಿ ಇರುವುದು ಬೇರೆ ಪ್ರಶ್ನೆ: ಇದು ನಿಜವಾಗಲೂ ಕೆಲಸ ಮಾಡುತ್ತಾ, ಹಳ್ಳಿಯಲ್ಲಿ, ಇವರಿಬ್ಬರೂ ಪಕ್ಕದಲ್ಲಿ ನಿಂತಿಲ್ಲದಾಗ?

ನಾನು ಈ ಕೆಲಸ ಎಂಟು ವರ್ಷದಿಂದ ಮಾಡುತ್ತಿದ್ದೇನೆ, ಎಡಿಟಿಂಗ್ ಜಾಸ್ತಿ, ಸ್ಕ್ರಿಪ್ಟ್ ಸ್ವಲ್ಪ. ಬಂದವರಿಗೆಲ್ಲ ಮೊದಲು ಕೇಳುವುದು ಇದನ್ನೇ. ನಿಮ್ಮ ಸ್ಲೈಡ್‌ಗಳು ಹೇಳಲಾರದ್ದು, ವಿಡಿಯೊ ಮಾತ್ರ ತೋರಿಸಬಲ್ಲದ್ದು ಯಾವುದು? ಮಾರುಕಟ್ಟೆ ಎಷ್ಟು ದೊಡ್ಡದು, ನೀವು ಎಲ್ಲಿ ಓದಿದಿರಿ, ಬೆಲೆ ಎಷ್ಟು, ಇದೆಲ್ಲ ಸ್ಲೈಡ್‌ನಲ್ಲೇ ಇದೆ. ಅದನ್ನೇ ವಿಡಿಯೊದಲ್ಲಿ ಹೇಳಿದರೆ ಎರಡು ಸಲ ಹೇಳಿದಂತಾಯಿತು. ನೀವಿಬ್ಬರೂ ಖುದ್ದಾಗಿ ಸ್ಟೇಜ್ ಮೇಲೆ ನಿಂತಿರುತ್ತೀರಿ. ಹಿಂದಿನ ಪರದೆಯಲ್ಲಿ ನಿಮ್ಮದೇ ಮುಖ ಬಂದು "ನಾನು ಇಂಥವಳು" ಅಂದರೆ ಹೇಗಿರುತ್ತೆ ಯೋಚಿಸಿ.

ವಿಡಿಯೊದಿಂದ ಮಾತ್ರ ಆಗುವುದು ಒಂದೇ. ಕೂಲಿಂಗ್ ನಿಂತಿತು, ಪೆಟ್ಟಿಗೆಗೆ ಗೊತ್ತಾಯಿತು, ಒಬ್ಬ ಮನುಷ್ಯ ಎದ್ದು ಹೋಗಿ ಏನೋ ಮಾಡಿದ, ಹಾಲು ಉಳಿಯಿತು. ಮೊದಲಿಂದ ಕೊನೆತನಕ ಒಂದೇ ಘಟನೆ. ಎರಡು ನಿಮಿಷ ಪೂರ್ತಿ ಅದಕ್ಕೇ ಕೊಡಿ. ಕೊನೆಯ ಶಾಟ್ ಯಾವುದು ಅಂತ ಮೊದಲು ಬರೆದುಕೊಳ್ಳಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಆ ಶಾಟ್‌ಗೆ ದಾರಿ ಮಾಡದ ಸಾಲು ಎಷ್ಟೇ ಚೆನ್ನಾಗಿದ್ದರೂ ಹೋಗಬೇಕು.

ಹನ್ನೊಂದು ಸ್ಕ್ರೀನ್‌ನಲ್ಲಿ ಒಂದು ಉಳಿಯುತ್ತದೆ. ಬೈಕೊಳ್ಳಬೇಡಿ.

ಹೊಸಬ

ಸ್ಟಾರ್ಟಪ್‌ಗಳಿಗೆ ಹಣ ಹಾಕುವ ವೈ ಕಾಂಬಿನೇಟರ್‌ನವರು ಕೇಳೋದು ಒಂದೇ ನಿಮಿಷದ ವಿಡಿಯೊ ಅಲ್ವಾ, ಎರಡು ಯಾಕೆ? ಅದರಲ್ಲಿ ಸಂಸ್ಥಾಪಕರು ಕ್ಯಾಮೆರಾ ನೋಡಿ ಮಾತಾಡಿದರೆ ಸಾಕು, ಸ್ಕ್ರಿಪ್ಟ್ ಓದೋದೇ ಬೇಡ ಅನ್ನುತ್ತಾರೆ.

ಕತ್ತರಿ ಪ್ರಯೋಗ

ಅದು ಬೇರೆ ವಿಡಿಯೊ ಗುರು. ಅರ್ಜಿ ಜೊತೆ ಕಳಿಸುವುದು, ನೀವು ಯಾರು ಅಂತ ಅವರು ನೋಡುವುದಕ್ಕೆ. ಇಲ್ಲಿ ಕೇಳುತ್ತಿರುವುದು ಉತ್ಪನ್ನ ಓಡುವುದನ್ನು ತೋರಿಸುವ ವಿಡಿಯೊ. ಎರಡನ್ನೂ ಬೆರೆಸಿದ್ದಕ್ಕೇ ಅವರ ಸ್ಕ್ರಿಪ್ಟ್ 4:10 ಆಗಿರುವುದು.

ಡೇರಿ ಮೇಷ್ಟ್ರು

ವಿಡಿಯೊ ವಿಷಯ ನನಗೆ ಗೊತ್ತಿಲ್ಲ. ಹಾಲಿನ ವಿಷಯ ಗೊತ್ತು, ಮೂವತ್ತು ವರ್ಷ ಅದರಲ್ಲೇ ಕಳೆದೆ. ನಿಮ್ಮ ಅನಿಮೇಷನ್‌ನಲ್ಲಿ ನಡುರಾತ್ರಿ ಕರೆಂಟ್ ಹೋಗಿ ಹತ್ತು ನಿಮಿಷಕ್ಕೆ ಹಾಲು ಕೆಡುತ್ತದೆ ಅಂದಿದ್ದೀರಲ್ಲಮ್ಮ, ಅದು ತಪ್ಪು.

ಬಿಎಂಸಿ ಅಂದರೆ ಒಂದು ದೊಡ್ಡ ಥರ್ಮಾಸ್ ಫ್ಲಾಸ್ಕ್ ಇದ್ದ ಹಾಗೆ. ಸುತ್ತ ದಪ್ಪ ಇನ್ಸುಲೇಷನ್ ಇರುತ್ತದೆ. ಹಾಲು ಒಮ್ಮೆ 4 ಡಿಗ್ರಿಗೆ ಇಳಿದ ಮೇಲೆ ನಡುರಾತ್ರಿ ಕರೆಂಟ್ ಹೋದರೂ ಒಂದು ಡಿಗ್ರಿ ಏರಲು ಗಂಟೆಗಳೇ ಬೇಕು. ಆ ಹೊತ್ತಿಗೆ ಯಾರೋ ಒಬ್ಬರು ಬಂದೇ ಬರುತ್ತಾರೆ.

ಅಪಾಯ ಇರುವುದು ಸಂಜೆ ಹಾಲು ಹಾಕುವ ಹೊತ್ತಿನಲ್ಲಿ. ಕೆಚ್ಚಲಿಂದ ಬಂದ ಹಾಲು 37 ಡಿಗ್ರಿ ಹತ್ತಿರ ಇರುತ್ತದೆ, ಡೇರಿಗೆ ಬರುವಾಗ ಎರಡು ಮೂರು ಡಿಗ್ರಿ ಇಳಿದಿರಬಹುದು ಅಷ್ಟೇ. ಅದನ್ನು 4ಕ್ಕೆ ಇಳಿಸಲು ಸುಮಾರು ಮೂರು ಗಂಟೆ ಬೇಕು. ಆ ಮೂರು ಗಂಟೆಯೊಳಗೆ ಕೂಲಿಂಗ್ ನಿಂತರೆ ಹಾಲು ಬೆಚ್ಚಗೇ ಉಳಿಯುತ್ತದೆ, ಬ್ಯಾಕ್ಟೀರಿಯಾಕ್ಕೆ ಅದೇ ಬೇಕಾಗಿರುವುದು. ಬೆಳಿಗ್ಗೆ ಕುದಿಸಿ ನೋಡಿದರೆ ಒಡೆಯುತ್ತದೆ. ಟ್ಯಾಂಕರ್‌ನವನು ತಗೊಳ್ಳುವುದಿಲ್ಲ.

ಇನ್ನೊಂದು ಮಾತು. ಪೂರ್ತಿ ಕರೆಂಟ್ ಹೋದರೆ ಎಲ್ಲರಿಗೂ ಗೊತ್ತಾಗುತ್ತದೆ, ಕತ್ತಲಾಗುತ್ತದಲ್ಲ, ಕಾರ್ಯದರ್ಶಿಯೇ ಜನರೇಟರ್ ಹಾಕುತ್ತಾನೆ. ಅದಕ್ಕೆ ನಿಮ್ಮ ಪೆಟ್ಟಿಗೆ ಯಾಕೆ? ನಿಜವಾದ ಕಾಟ ಒಂದು ಫೇಸ್ ಹೋಗುವುದು. ಮೂರರಲ್ಲಿ ಒಂದು ಫೇಸ್ ಹೋದರೆ ಕಂಪ್ರೆಸರ್ ಟ್ರಿಪ್ ಆಗುತ್ತದೆ. ಬಲ್ಬು ಬೇರೆ ಫೇಸಿನಲ್ಲಿದ್ದರೆ ಉರಿಯುತ್ತಲೇ ಇರುತ್ತದೆ, ಅಳತೆ ಯಂತ್ರವೂ ನಡೆಯುತ್ತದೆ. ಹೊರಗೆ ಸಾಲಿನಲ್ಲಿ ನಿಂತವರು ಹಾಲು ಸುರಿಯುತ್ತಲೇ ಇರುತ್ತಾರೆ. ಒಳಗೆ ಕಂಪ್ರೆಸರ್ ನಿಂತಿದ್ದು ಯಾರ ಕಿವಿಗೂ ಬೀಳುವುದಿಲ್ಲ.

ಕತ್ತರಿ ಪ್ರಯೋಗ

ಮೇಷ್ಟ್ರೇ, ನೀವು ವಿಡಿಯೊದ ಮೊದಲ ಹತ್ತು ಸೆಕೆಂಡ್ ಬರೆದು ಕೊಟ್ಟುಬಿಟ್ಟಿರಿ.

@ಹಾಸನದ ಕ್ಯಾನು, ಇದನ್ನು ನೋಡಿ. ಬಿಎಂಸಿ ಕೋಣೆ. ಬಲ್ಬು ಉರಿಯುತ್ತಿದೆ. ಕಂಪ್ರೆಸರ್ ಗುಂಯ್ ಅನ್ನುತ್ತಿದೆ. ಆ ಸದ್ದು ನಿಲ್ಲುತ್ತದೆ. ಬಲ್ಬು ಹಾಗೇ ಉರಿಯುತ್ತಿದೆ. ಬಾಗಿಲಾಚೆ ಹಾಲು ಸುರಿಯುವ ಸದ್ದು ನಡೆದೇ ಇದೆ. ಒಂದು ಮಾತೂ ಬೇಡ. ನಿಮ್ಮ 50 ಸೆಕೆಂಡ್ ಅನಿಮೇಷನ್ ಹೇಳಬೇಕಾದ್ದೆಲ್ಲ ಹನ್ನೆರಡು ಸೆಕೆಂಡ್‌ನಲ್ಲಿ ಬಂತು, ಜೊತೆಗೆ ನಿಜವೂ ಹೌದು.

ಹಾಸನದ ಕ್ಯಾನು

ಮೇಷ್ಟ್ರೇ, ನಾಚಿಕೆ ಆಗುತ್ತಿದೆ. ನಮ್ಮದೇ ಡೇಟಾದಲ್ಲಿ ಹೆಚ್ಚಿನ ಅಲಾರಂ ಸಂಜೆ 6:30ರಿಂದ 8ರ ನಡುವೆಯೇ ಬಂದಿವೆ. ನಡುರಾತ್ರಿ ಅಂದರೆ ನಾಟಕೀಯವಾಗಿರುತ್ತೆ ಅಂತ ಹಾಗೆ ಬರೆದೆ.

ಚೆಕ್‌ಬುಕ್

ನಾನು ಸಣ್ಣ ಮಟ್ಟದಲ್ಲಿ ಹಣ ಹಾಕುವವನು, ಇಂಥ ಸಭೆಗಳಲ್ಲಿ ಕುರ್ಚಿಯ ಆ ಕಡೆ ಕೂತಿರುತ್ತೇನೆ. ಸಭೆಯಲ್ಲಿ ಒಬ್ಬನಾದರೂ ಡೇರಿ ಗೊತ್ತಿರುವವನು ಇರುತ್ತಾನೆ. ಅವನು ಆ "ಹತ್ತು ನಿಮಿಷ" ಕೇಳಿ ಪಕ್ಕದವನ ಕಡೆ ತಿರುಗಿ ನಕ್ಕರೆ ನಿಮ್ಮ ಮಿಕ್ಕ ಎಂಟು ನಿಮಿಷ ಹೋಯಿತು.

ನನಗೆ ಈಗಲೇ ಒಂದು ಪ್ರಶ್ನೆ ಬಂದಿದೆ, ಅಲ್ಲೂ ಬರುತ್ತದೆ. ಹಾಲು 4 ಡಿಗ್ರಿ ಮುಟ್ಟಿದ ಮೇಲೆ ಕಂಪ್ರೆಸರ್ ತಾನಾಗಿಯೇ ನಿಲ್ಲುತ್ತದೆ. ಆಗಲೂ ನಿಮ್ಮ ಪೆಟ್ಟಿಗೆ ಫೋನ್ ಮಾಡುತ್ತಾ? ಮಾಡಿದರೆ ಕಾರ್ಯದರ್ಶಿ ಮೂರನೇ ದಿನಕ್ಕೇ ಸಿಮ್ ಕಿತ್ತು ಹಾಕುತ್ತಾನೆ.

ಹಾಸನದ ಕ್ಯಾನು

ಇಲ್ಲ ಸಾರ್. ಪೆಟ್ಟಿಗೆ ಎರಡನ್ನು ನೋಡುತ್ತದೆ. ಕಂಪ್ರೆಸರ್‌ಗೆ ಹೋಗುವ ಕರೆಂಟ್, ಮತ್ತೆ ಹಾಲಿನ ತಾಪಮಾನ. ಹಾಲು ತಣ್ಣಗಿದ್ದು ಕಂಪ್ರೆಸರ್ ನಿಂತಿದ್ದರೆ ಸುಮ್ಮನಿರುತ್ತದೆ. ಹಾಲು ಬೆಚ್ಚಗಿದ್ದೂ ಕಂಪ್ರೆಸರ್ ನಿಂತಿದ್ದರೆ ಮೂರು ನಿಮಿಷ ಕಾದು ಫೋನ್ ಮಾಡುತ್ತದೆ. ಮೊದಲು ಬರೀ ತಾಪಮಾನ ನೋಡುತ್ತಿತ್ತು, ಆಗ ಹೊಸ ಹಾಲು ಬಿದ್ದಾಗಲೆಲ್ಲ ಫೋನ್ ಹೋಗಿ ಬೈಸಿಕೊಂಡಿದ್ದೇವೆ.

ಚೆಕ್‌ಬುಕ್

ಇದು ಸ್ಕ್ರಿಪ್ಟ್‌ನಲ್ಲಿ ಎಲ್ಲಿದೆ? ನಿಮ್ಮ ಹನ್ನೊಂದು ಸ್ಕ್ರೀನ್‌ಗಿಂತ ಈ ಒಂದು ಮಾತು ಬೆಲೆಬಾಳುತ್ತದೆ. ಯಾರು ಬೇಕಾದರೂ ಥರ್ಮಾಮೀಟರ್‌ಗೆ ಸಿಮ್ ಹಾಕಬಹುದು. ಬೈಸಿಕೊಂಡು ಎರಡನೇ ಸೆನ್ಸರ್ ಹಾಕಿದವರು ನೀವು.

ಮಲ್ನಾಡ್ ಮಳೆ

ನಮ್ಮ ಕಥೆ ಹೇಳುತ್ತೇನೆ, ಉಪಯೋಗಕ್ಕೆ ಬಂದರೂ ಬರಬಹುದು. ನಮ್ಮದು ಅಡಿಕೆ ವಿಂಗಡಿಸುವ ಯಂತ್ರ. ವಿಡಿಯೊಗೆ ನಾನು ಕನ್ನಡದಲ್ಲಿ ಸ್ಕ್ರಿಪ್ಟ್ ಬರೆದು, ಗಡಿಯಾರ ಹಿಡಿದು ಓದಿ, ಸರಿಯಾಗಿ 1:58 ಮಾಡಿ ಖುಷಿಪಟ್ಟೆ. ಸಭೆಯಲ್ಲಿ ಹೊರರಾಜ್ಯದವರು ಇರುತ್ತಾರೆ ಅಂತ ಕೊನೆಗೆ ಇಂಗ್ಲಿಷ್ ಮಾಡಿಸಿದೆವು. ಅದು 2:35ಕ್ಕೆ ಹೋಯಿತು! ಶೂಟಿಂಗ್ ಮುಗಿದಿತ್ತು, ಶಾಟ್‌ಗಳು ಕನ್ನಡದ ಅಳತೆಗೆ ಕತ್ತರಿಸಿದ್ದವು. ಧ್ವನಿ ಕೊಟ್ಟವನು ಉಸಿರು ಬಿಡದೆ ಓದಿದ. ಯಂತ್ರ ಅಡಿಕೆ ಬೀಳಿಸುವ ಶಾಟ್‌ನಲ್ಲಿ ಅವನು ಇನ್ನೂ ಬೆಲ್ಟ್ ಬಗ್ಗೆ ಹೇಳುತ್ತಿದ್ದ.

ಆಮೇಲೆ ಇನ್ನೊಂದು. ಸಭಾಂಗಣದ ಲ್ಯಾಪ್‌ಟಾಪ್‌ನಲ್ಲಿ ನಮ್ಮ ಫೈಲ್ ಚಿತ್ರವೇ ಬರಲಿಲ್ಲ, ಬರೀ ಸದ್ದು. ಐಫೋನ್‌ನಲ್ಲಿ ತೆಗೆದದ್ದನ್ನು ಹಾಗೇ ಕೊಟ್ಟಿದ್ದೆವು.

ಕತ್ತರಿ ಪ್ರಯೋಗ

ಎರಡೂ ದಿನಾ ನೋಡುವ ತಪ್ಪುಗಳು. ಮೊದಲನೆಯದಕ್ಕೆ: ಯಾವ ಭಾಷೆಯಲ್ಲಿ ಧ್ವನಿ ಕೊಡುತ್ತೀರೋ ಆ ಭಾಷೆಯಲ್ಲೇ ಬರೆದು ಆ ಭಾಷೆಯಲ್ಲೇ ಗಡಿಯಾರ ಹಿಡಿಯಬೇಕು. ನಮ್ಮಲ್ಲಿ "ನಿಂತುಹೋಗಿತ್ತಂತೆ" ಅನ್ನುವುದು ಒಂದೇ ಪದ, ಇಂಗ್ಲಿಷ್‌ನಲ್ಲಿ ಅದಕ್ಕೆ ಐದಾರು ಬೇಕು. ಅದಕ್ಕೇ ಪದ ಎಣಿಸುವ ಲೆಕ್ಕ ಎರಡಕ್ಕೂ ಒಂದೇ ಅಲ್ಲ. ಇಂಗ್ಲಿಷ್‌ನಲ್ಲಿ ಆರಾಮಾಗಿ ಓದಿದರೆ ನಿಮಿಷಕ್ಕೆ 130ರಿಂದ 150 ಪದ ಬರುತ್ತವೆ. ಹಾಗಂತ ಎರಡು ನಿಮಿಷಕ್ಕೆ 280 ಬರೆದರೆ ಉಸಿರಾಡಲು ಜಾಗ ಇರುವುದಿಲ್ಲ. ನಾನು 180 ದಾಟಲು ಬಿಡುವುದಿಲ್ಲ. ಕನ್ನಡವಾದರೆ 120ರ ಆಸುಪಾಸು. ಮಿಕ್ಕ ಹೊತ್ತು ಚಿತ್ರಕ್ಕೆ, ಸದ್ದಿಗೆ.

ಬರೆಯುವಾಗ ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ ಕಣ್ಣಿಗೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ಬಲಗಡೆ ತುಂಬಿ ಎಡಗಡೆ ಖಾಲಿ ಇದ್ದರೆ ನೀವು ಬರೆದಿರುವುದು ಭಾಷಣ. ಎಡದಲ್ಲಿರುವುದನ್ನೇ ಬಲದಲ್ಲೂ ಬರೆದಿದ್ದರೆ ಬಲದ್ದನ್ನು ಹೊಡೆದು ಹಾಕಿ. ಜನರೇಟರ್ ಶುರು ಮಾಡುವುದು ಕಾಣುತ್ತಿರುವಾಗ "ಅವರು ಜನರೇಟರ್ ಶುರು ಮಾಡುತ್ತಾರೆ" ಅನ್ನಬೇಕಾಗಿಲ್ಲ.

ಫೈಲ್ ತೊಂದರೆಗೆ: ಐಫೋನ್ ಈಗ ಮಾಮೂಲಾಗಿ ಉಳಿಸುವ ಬಗೆಯನ್ನು ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳು ತೆರೆಯುವುದಿಲ್ಲ. ಕೊನೆಯ ಪ್ರತಿಯನ್ನು ಎಲ್ಲ ಕಡೆ ಓಡುವ ಬಗೆಗೆ ಬದಲಾಯಿಸಿಕೊಳ್ಳಿ:

```
ffmpeg -i demo.mov -c:v libx264 -crf 20 -pix_fmt yuv420p -c:a aac demo.mp4
```

ಪೆನ್‌ಡ್ರೈವ್‌ನಲ್ಲಿ ಒಂದು, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಒಂದು. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಅಂತ ಕಳಿಸಿದ್ದನ್ನು ಮತ್ತೆ ಇಳಿಸಿಕೊಂಡು ಹಾಕಬೇಡಿ, ಅದು ಕುಗ್ಗಿಸಿಬಿಡುತ್ತದೆ, ದೊಡ್ಡ ಪರದೆಯಲ್ಲಿ ಮಸುಕಾಗುತ್ತದೆ. ಯೂಟ್ಯೂಬ್ ಕೊಂಡಿ ಒತ್ತಿ ಸಭಾಂಗಣದ ವೈಫೈ ನಂಬುವುದಂತೂ ಬೇಡವೇ ಬೇಡ.

ಹಾಸನದ ಕ್ಯಾನು

ಎರಡು ದಿನ ಕೂತು ಹೊಸದಾಗಿ ಬರೆದೆ. ಧ್ವನಿ ಇಂಗ್ಲಿಷ್‌ನಲ್ಲಿ ಇರುತ್ತದೆ, ಅದನ್ನು ನೇರವಾಗಿ ಇಂಗ್ಲಿಷ್‌ನಲ್ಲೇ ಬರೆದು ಓದಿ ನೋಡಿದ್ದೇನೆ. ಇಲ್ಲಿ ಅದರ ಸಾರ ಕನ್ನಡದಲ್ಲಿ ಹಾಕುತ್ತಿದ್ದೇನೆ. ಇದು ನಮ್ಮ ಒಂದು ಡೇರಿಯಲ್ಲಿ ನಿಜವಾಗಿ ನಡೆದ ಸಂಜೆ, ಸಮಯ ಎಲ್ಲ ಪೆಟ್ಟಿಗೆಯ ದಾಖಲೆಯಿಂದಲೇ ತೆಗೆದಿದ್ದು.

0:00–0:12. ಬಿಎಂಸಿ ಕೋಣೆ, ಬಲ್ಬು, ಕಂಪ್ರೆಸರ್ ಸದ್ದು ನಿಲ್ಲುತ್ತದೆ. ಪರದೆ ಮೇಲೆ ಎರಡೇ ಸಾಲು: "ಸಂಜೆ 7:18. ಟ್ಯಾಂಕಿನಲ್ಲಿ 1,400 ಲೀಟರ್, 26 ಡಿಗ್ರಿ." ಮಾತಿಲ್ಲ.

0:12–0:27. ಹೊರಗೆ ಹಾಲು ಹಾಕುವವರ ಸಾಲು. ಧ್ವನಿ: "ಮೂರರಲ್ಲಿ ಒಂದು ಫೇಸ್ ಹೋಗಿದೆ. ದೀಪ ಉರಿಯುತ್ತಿದೆ, ಕೂಲಿಂಗ್ ನಿಂತಿದೆ. ಇಲ್ಲಿ ಯಾರಿಗೂ ಗೊತ್ತಿಲ್ಲ."

0:27–0:47. ಗೋಡೆಯ ಪೆಟ್ಟಿಗೆ, ಹತ್ತಿರದಿಂದ. ಅದರ ಎರಡು ವೈರು, ಒಂದು ಟ್ಯಾಂಕಿಗೆ, ಇನ್ನೊಂದು ಕಂಪ್ರೆಸರ್‌ಗೆ. ಧ್ವನಿ: "ಈ ಪೆಟ್ಟಿಗೆ ಎರಡನ್ನು ನೋಡುತ್ತದೆ. ಕಂಪ್ರೆಸರ್ ನಿಂತಿದೆಯಾ? ಹಾಲು ಇನ್ನೂ ಬೆಚ್ಚಗಿದೆಯಾ? ಎರಡೂ ಹೌದಾದರೆ ಮಾತ್ರ ಕರೆ ಮಾಡುತ್ತದೆ."

0:47–1:07. ಕಾರ್ಯದರ್ಶಿಯ ಕೀಪ್ಯಾಡ್ ಫೋನ್ ಹೊಡೆದುಕೊಳ್ಳುತ್ತದೆ, ಗೋಡೆ ಗಡಿಯಾರ 7:22. ಸ್ಪೀಕರ್‌ನಲ್ಲಿ ಕನ್ನಡ ಧ್ವನಿ: "ಕೂಲಿಂಗ್ ನಿಂತಿದೆ. ಹಾಲು 26 ಡಿಗ್ರಿ ಇದೆ. ಕೇಳಿಸಿದ್ದರೆ ಒಂದನ್ನು ಒತ್ತಿ." ಅವರು ಒಂದು ಒತ್ತುತ್ತಾರೆ. ಕೆಳಗೆ ಇಂಗ್ಲಿಷ್ ಸಾಲು.

1:07–1:25. ಅವರು ಎದ್ದು ಹೋಗಿ ಜನರೇಟರ್ ಹಾಕುತ್ತಾರೆ. 7:31. ಕಂಪ್ರೆಸರ್ ಸದ್ದು ಮತ್ತೆ. ಮಾತಿಲ್ಲ.

1:25–1:43. ತಾಪಮಾನದ ಗೆರೆ ಇಳಿಯುತ್ತಾ ಹೋಗಿ ರಾತ್ರಿ 10:10ಕ್ಕೆ 4 ಡಿಗ್ರಿ ಮುಟ್ಟುತ್ತದೆ. ಧ್ವನಿ: "ಹದಿಮೂರು ನಿಮಿಷ ಕೂಲಿಂಗ್ ಇರಲಿಲ್ಲ. ಹಾಲು ಉಳಿಯಿತು."

1:43–2:00. ಸೂಪರ್‌ವೈಸರ್ ಫೋನಿನಲ್ಲಿ ಆರು ಡೇರಿಗಳ ಪಟ್ಟಿ, ಒಂದು ಹಳದಿಯಿಂದ ಹಸಿರಾಗುತ್ತದೆ. ಧ್ವನಿ: "ಇಂಥ ಆರು ಡೇರಿಗಳು ಈಗ ಹೀಗೆ ನಡೆಯುತ್ತಿವೆ."

ಎರಡು ಅನುಮಾನ ಇದೆ. ಪೆಟ್ಟಿಗೆ ಕರೆ ಶುರು ಮಾಡಿದ ಮೇಲೆ ಫೋನ್ ಹೊಡೆದುಕೊಳ್ಳಲು ಸುಮಾರು 40 ಸೆಕೆಂಡ್ ಆಗುತ್ತದೆ, ನೆಟ್‌ವರ್ಕ್ ಹಾಗಿದೆ. ಅದನ್ನು ಕತ್ತರಿಸಿದರೆ ಮೋಸವಾ? ಮತ್ತೆ ಆ ಸಂಜೆ ನಾವು ಅಲ್ಲಿ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ಈಗ ಫ್ಯೂಸ್ ತೆಗೆದು ಮತ್ತೆ ಮಾಡಿಸಬೇಕು.

ನ್ಯೂಜೆರ್ಸಿ ನಾಗಣ್ಣ

ಎಚ್ಚರ! ಇಲ್ಲಿ ನಿಕೋಲಾ ಅಂತ ಒಂದು ಟ್ರಕ್ ಕಂಪನಿ ಇತ್ತು. 2018ರಲ್ಲಿ ತಮ್ಮ ಟ್ರಕ್ ರಸ್ತೆಯಲ್ಲಿ ಹೋಗುವ ವಿಡಿಯೊ ಬಿಟ್ಟರು. 2020ರಲ್ಲಿ ಹೊರಬಂತು, ಅದು ಸ್ವಂತ ಶಕ್ತಿಯಿಂದ ಓಡುತ್ತಿರಲಿಲ್ಲ, ಇಳಿಜಾರಿನಲ್ಲಿ ಉರುಳಲು ಬಿಟ್ಟಿದ್ದರು. ಕಂಪನಿಯ ವಿವರಣೆ ಏನು ಗೊತ್ತಾ? ವಿಡಿಯೊದಲ್ಲಿ "ಚಲಿಸುತ್ತಿದೆ" ಅಂದೆವೇ ಹೊರತು ಸ್ವಂತ ಶಕ್ತಿಯಿಂದ ಅಂತ ಎಲ್ಲೂ ಹೇಳಿರಲಿಲ್ಲ ಅಂತ. ಸ್ಥಾಪಕ 2022ರಲ್ಲಿ ಹೂಡಿಕೆದಾರರಿಗೆ ವಂಚಿಸಿದ ಕೇಸಿನಲ್ಲಿ ತಪ್ಪಿತಸ್ಥ ಆದ. ಆಮೇಲೆ 2025ರಲ್ಲಿ ಕ್ಷಮಾದಾನ ಸಿಕ್ಕಿತು, ಅದು ಬೇರೆ ಕಥೆ. ನೀವು ಫ್ಯೂಸ್ ತೆಗೆಯುವುದೂ ಹಾಗೇ ಆಗುತ್ತದೆ. ನಿಜವಾದ ಘಟನೆ ಸಿಗುವ ತನಕ ಕ್ಯಾಮೆರಾ ಇಟ್ಟು ಕಾಯಿರಿ.

ಕತ್ತರಿ ಪ್ರಯೋಗ

ನಾಗಣ್ಣ, ಎರಡಕ್ಕೂ ವ್ಯತ್ಯಾಸ ಇದೆ. ಅಲ್ಲಿ ಟ್ರಕ್ ಓಡುತ್ತಲೇ ಇರಲಿಲ್ಲ. ಇಲ್ಲಿ ಪೆಟ್ಟಿಗೆ ಕೆಲಸ ಮಾಡುತ್ತದೆ, ತೊಂದರೆಯನ್ನು ಮಾತ್ರ ಬೇಕೆಂದೇ ತರುತ್ತಿದ್ದಾರೆ. ಯಾವುದೇ ಡೆಮೊ ಅಂದರೆ ಅದೇ ಅಲ್ವಾ? ಆದರೆ ಬರೆದು ಹೇಳಬೇಕು. ಮೊದಲ ಶಾಟ್‌ನ ಮೂಲೆಯಲ್ಲಿ ಒಂದು ಸಾಲು: "ನಡೆದ ಘಟನೆಯನ್ನು ಅದೇ ಡೇರಿಯಲ್ಲಿ ಮರುಚಿತ್ರಿಸಲಾಗಿದೆ. ಸಮಯ ಮತ್ತು ತಾಪಮಾನ ಅಂದಿನ ದಾಖಲೆಯವು." ಅದನ್ನು ಓದಲು ಆಗುವಷ್ಟು ದೊಡ್ಡದಾಗಿ, ಓದಲು ಆಗುವಷ್ಟು ಹೊತ್ತು ಇಡಿ. ಗೆರೆ ಇಳಿಯುವ ಶಾಟ್‌ನಲ್ಲಿ "2 ಗಂಟೆ 39 ನಿಮಿಷ, ವೇಗ ಹೆಚ್ಚಿಸಿದೆ" ಅಂತ ಹಾಕಿ.

ಮರುಚಿತ್ರಣದಲ್ಲಿ ಪೆಟ್ಟಿಗೆ ಮತ್ತು ಫೋನ್ ಮಾತ್ರ ನಿಜವಾಗಿಯೇ ನಡೆಯಬೇಕು. ಪಕ್ಕದಲ್ಲಿ ನಿಂತು ನೀವೇ ಆ ಫೋನಿಗೆ ರಿಂಗ್ ಕೊಟ್ಟರೆ ನಾಗಣ್ಣ ಹೇಳಿದ್ದು ಸರಿಯಾಗುತ್ತದೆ.

40 ಸೆಕೆಂಡ್ ಕತ್ತರಿಸಿ, ಆದರೆ ಗಡಿಯಾರ ಸುಳ್ಳು ಹೇಳಬಾರದು. ನಿಂತಿದ್ದು 7:18, ಮೂರು ನಿಮಿಷ ಕಾಯುವುದು, 40 ಸೆಕೆಂಡ್ ನೆಟ್‌ವರ್ಕ್, ಹೊಡೆದುಕೊಂಡದ್ದು 7:22. ಗಡಿಯಾರ ಅದನ್ನೇ ತೋರಿಸುತ್ತಿದೆ. ಕೇಳಿದವರಿಗೆ ಉತ್ತರ ಇದೆ.

ಗಾಂಧಿಬಜಾರ್ ಗಿರಾಕಿ

ಅಷ್ಟೆಲ್ಲ ಯಾರು ನೋಡುತ್ತಾರೆ? ಎರಡು ನಿಮಿಷದ ವಿಡಿಯೊದಲ್ಲಿ ಮೂಲೆಯ ಸಾಲು ಓದುವ ಹೂಡಿಕೆದಾರನನ್ನು ನಾನಂತೂ ಕಂಡಿಲ್ಲ.

ಚೆಕ್‌ಬುಕ್

ಅಲ್ಲಿ ಕೂತು ಓದುವುದಿಲ್ಲ, ನಿಜ. ಆದರೆ ಹಣ ಹಾಕುವ ಮೊದಲು ಅದೇ ಕಾರ್ಯದರ್ಶಿಗೆ ನಾನು ಫೋನ್ ಮಾಡುತ್ತೇನೆ. "ಆವತ್ತು ಏನಾಯ್ತು ಸಾರ್" ಅಂತ ಕೇಳುತ್ತೇನೆ. ಅವರು ಹೇಳುವುದೂ ವಿಡಿಯೊ ಹೇಳುವುದೂ ಬೇರೆ ಆದರೆ ಅಲ್ಲಿಗೆ ಮುಗಿಯಿತು.

ಒಂದು ಸಲಹೆ. "ಹಾಲು ಉಳಿಯಿತು" ಅನ್ನುವ ಕಡೆ ದುಡ್ಡು ಹೇಳಿ. ಲೀಟರಿಗೆ 35 ರೂಪಾಯಿ ಹಿಡಿದರೂ 1,400 ಲೀಟರ್‌ಗೆ 49,000 ಆಗುತ್ತದೆ. ನಿಮ್ಮ ಪೆಟ್ಟಿಗೆಯ ಬೆಲೆ ಮುಂದಿನ ಸ್ಲೈಡ್‌ನಲ್ಲಿ ಇರುತ್ತದೆ, ಜೋಡಿಸಿಕೊಳ್ಳುವ ಕೆಲಸ ನಮಗೆ ಬಿಡಿ.

ಡೇರಿ ಮೇಷ್ಟ್ರು

ಆ ಲೆಕ್ಕ ಹಾಕುವಾಗ ಜೋಪಾನ. ಹದಿಮೂರು ನಿಮಿಷ ನಿಂತಿದ್ದಕ್ಕೆ ಹಾಲು ಪೂರ್ತಿ ಕೆಡುತ್ತಿರಲಿಲ್ಲ. ಯಾರೂ ನೋಡದೆ ಬೆಳಗಿನ ತನಕ ಹಾಗೇ ಬಿಟ್ಟಿದ್ದರೆ ಕೆಡುತ್ತಿತ್ತು. ಕಾರ್ಯದರ್ಶಿ ರಾತ್ರಿ ಬೀಗ ಹಾಕುವಾಗ ನೋಡಿಯೂ ಇರಬಹುದಿತ್ತು. "49,000 ಉಳಿಸಿದೆವು" ಅನ್ನುವ ಬದಲು "ಟ್ಯಾಂಕಿನಲ್ಲಿದ್ದ ಹಾಲಿನ ಬೆಲೆ 49,000" ಅನ್ನಿ. ಅಷ್ಟು ಹೇಳಿದರೆ ಯಾರೂ ಪ್ರಶ್ನೆ ಮಾಡಲಾರರು. ಮತ್ತೆ ಒಕ್ಕೂಟದ ಗುರುತು ಟ್ಯಾಂಕ್ ಮೇಲೆ, ಕ್ಯಾನ್ ಮೇಲೆ ಇರುತ್ತದೆ, ಅವರನ್ನು ಕೇಳದೆ ತೋರಿಸಬೇಡಿ. ಹಾಲು ಹಾಕುವವರ ಹೆಸರು ಮತ್ತು ಲೀಟರ್ ಅಳತೆ ಯಂತ್ರದ ಮೇಲೆ ಬರುತ್ತದೆ, ಅದೂ ಕಾಣಬಾರದು.

ಹಾಸನದ ಕ್ಯಾನು

ಮೇಷ್ಟ್ರ ಸಾಲನ್ನೇ ಹಾಕುತ್ತೇನೆ. ಕಾರ್ಯದರ್ಶಿಯವರಿಂದ ಒಪ್ಪಿಗೆ ಬರೆಸಿಕೊಂಡಿದ್ದೇವೆ, ಮಿಕ್ಕವರ ಮುಖ ಬಾರದ ಹಾಗೆ ಬೆನ್ನ ಹಿಂದಿನಿಂದ ತೆಗೆಯುತ್ತೇವೆ.

ಪಾರ್ಟ್ನರ್ ಒಂದು ಹೊಸ ತಕರಾರು ತೆಗೆದಿದ್ದಾನೆ. ವಿಡಿಯೊಗೆ ಧ್ವನಿಯೇ ಬೇಡ, ಅದು ಓಡುತ್ತಿರುವಾಗ ತಾನೇ ಸ್ಟೇಜ್ ಮೇಲೆ ನಿಂತು ಮಾತಾಡುತ್ತೇನೆ ಅನ್ನುತ್ತಾನೆ.

ಮಲ್ನಾಡ್ ಮಳೆ

ನಾವು ಎರಡನೇ ಸಲ ಹಾಗೇ ಮಾಡಿದೆವು, ಚೆನ್ನಾಗಿ ಬಂತು. ಜನ ನಮ್ಮನ್ನು ನೋಡುತ್ತಿದ್ದರು. ತಡವಾದರೆ ಮಾತು ಕಡಿಮೆ ಮಾಡಬಹುದು.

ಕತ್ತರಿ ಪ್ರಯೋಗ

ನನಗೆ ಇಷ್ಟವಿಲ್ಲ. ಸ್ಟೇಜ್ ಮೇಲೆ ಒಂದು ಸಾಲು ಮರೆತರೆ ಚಿತ್ರ ಮುಂದೆ ಹೋಗಿರುತ್ತದೆ, ಹಿಂದೆ ತಿರುಗಿ ಪರದೆ ನೋಡಲು ಶುರು ಮಾಡುತ್ತೀರಿ. ಜೊತೆಗೆ ಸಭೆ ಮುಗಿದ ಮೇಲೆ ಆ ಫೈಲ್ ಮೇಲ್‌ನಲ್ಲಿ ಹೋಗುತ್ತದೆ, ಅಲ್ಲಿ ನಿಮ್ಮ ಪಾರ್ಟ್ನರ್ ಇರುವುದಿಲ್ಲ.

ಚೆಕ್‌ಬುಕ್

ನಾನು ಮಲ್ನಾಡ್ ಕಡೆ. ಮಾಡಿದವನೇ ಮಾತಾಡಿದರೆ ನನಗೆ ಅವನ ಬಗ್ಗೆಯೂ ಗೊತ್ತಾಗುತ್ತದೆ. ಮೇಲ್‌ಗೆ ಬೇಕಾದರೆ ಧ್ವನಿ ಇರುವ ಇನ್ನೊಂದು ಪ್ರತಿ ಮಾಡಿ.

ಕತ್ತರಿ ಪ್ರಯೋಗ

ಎರಡು ಪ್ರತಿ ಅಂದರೆ ನನ್ನ ಬಿಲ್ಲು ಜಾಸ್ತಿ, ನನಗೇನು ಬೇಜಾರಿಲ್ಲ. ಆದರೂ ನನ್ನ ಮಾತು ಬದಲಾಗಿಲ್ಲ.

ಶೂಟ್ ಮಾಡುವ ಮೊದಲು ಒಂದು ಪರೀಕ್ಷೆ ಮಾಡಿ. ಫೋನ್‌ನಲ್ಲೇ ಕಚ್ಚಾ ಆಗಿ ತೆಗೆದು, ಸದ್ದು ಪೂರ್ತಿ ಬಂದ್ ಮಾಡಿ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ತೋರಿಸಿ. ಆ ಪೆಟ್ಟಿಗೆ ಏನು ಮಾಡಿತು ಅಂತ ಕೇಳಿ. "ಫೋನ್ ಮಾಡ್ತು" ಅಂದರೆ ಅರ್ಧ ಬಂದಿದೆ. "ಮಿಷಿನ್ ನಿಂತಿದ್ದಕ್ಕೆ ಫೋನ್ ಮಾಡ್ತು" ಅಂದರೆ ಶೂಟಿಂಗ್‌ಗೆ ಹೊರಡಿ.

ಹಾಸನದ ಕ್ಯಾನು

ಒಂದು ವಾರ ಆಯಿತು, ಕಚ್ಚಾ ಪ್ರತಿ ಆಗಿದೆ. 2:06 ಇದೆ. ನಮ್ಮ ಅತ್ತೆಗೆ ಸದ್ದಿಲ್ಲದೆ ತೋರಿಸಿದೆ. "ಯಾರೋ ಫೋನ್ ಮಾಡಿದ್ರು, ಅವ್ರು ಜನರೇಟರ್ ಹಾಕಿದ್ರು, ಪಾಪ ಕರೆಂಟ್ ಹೋಗಿತ್ತೇನೋ, ಆದ್ರೆ ಲೈಟ್ ಇತ್ತಲ್ಲ?" ಅಂದರು. ಲೈಟ್ ಗಮನಿಸಿದರು! ಆದರೆ ಕಂಪ್ರೆಸರ್ ನಿಂತಿದ್ದು ಗೊತ್ತಾಗಲಿಲ್ಲ, ಸದ್ದು ಇಲ್ಲವಲ್ಲ. ಸರಿ ಅಂತ ಫೋನ್‌ನಲ್ಲಿ ಸದ್ದು ಇಟ್ಟು ಇನ್ನೊಬ್ಬರಿಗೆ ತೋರಿಸಿದರೆ, ಅವರಿಗೂ ಗೊತ್ತಾಗಲಿಲ್ಲ. ಹೆಡ್‌ಫೋನ್‌ನಲ್ಲಿ ನನಗೆ ಸ್ಪಷ್ಟವಾಗಿ ಕೇಳುತ್ತದೆ.

ಕತ್ತರಿ ಪ್ರಯೋಗ

ಫೋನಿನ ಸಣ್ಣ ಸ್ಪೀಕರ್ ತಗ್ಗಿನ ಸದ್ದನ್ನು ಹೊರಡಿಸುವುದೇ ಇಲ್ಲ. ಕಂಪ್ರೆಸರ್ ಗುಂಯ್ ಅನ್ನುವುದು ಪೂರ್ತಿ ಆ ಕಡೆಯದು. ಸಭಾಂಗಣದಲ್ಲಿ ಚೆನ್ನಾಗಿ ಕೇಳುತ್ತದೆ, ಮೇಲ್‌ನಲ್ಲಿ ಹೋದ ಪ್ರತಿಯಲ್ಲಿ ಕೇಳುವುದಿಲ್ಲ. ನನಗೇ ಹೊಳೆಯಬೇಕಿತ್ತು. ಕಣ್ಣಿಗೂ ಕಾಣುವ ಹಾಗೆ ಏನಾದರೂ ಬೇಕು. ಕಂಪ್ರೆಸರ್ ಫ್ಯಾನ್ ಹೊರಗೆ ಕಾಣುತ್ತಾ?

ಡೇರಿ ಮೇಷ್ಟ್ರು

ಕಾಣುತ್ತದೆ. ಕಂಡೆನ್ಸರ್ ಹತ್ತಿರ ಜಾಲರಿ ಹಿಂದೆ ಫ್ಯಾನ್ ಇರುತ್ತದೆ. ಟ್ರಿಪ್ ಆದರೆ ಅದೂ ನಿಲ್ಲುತ್ತದೆ, ಒಂದೆರಡು ಸುತ್ತು ನಿಧಾನಕ್ಕೆ ತಿರುಗಿ.

ಹಾಸನದ ಕ್ಯಾನು

ಹಾಗಾದರೆ ಒಂದೇ ಫ್ರೇಮ್‌ನಲ್ಲಿ ಮುಂದೆ ಫ್ಯಾನ್, ಹಿಂದೆ ಉರಿಯುವ ಬಲ್ಬು. ಭಾನುವಾರ ಸಂಜೆ ಮತ್ತೆ ಹೋಗುತ್ತಿದ್ದೇವೆ. ಕಾರ್ಯದರ್ಶಿಯವರು ಫ್ಯೂಸ್ ತೆಗೆಯಲು ಐದು ನಿಮಿಷ ಮಾತ್ರ ಕೊಟ್ಟಿದ್ದಾರೆ, ಹಾಲು ಅವರದ್ದೇ ಅಲ್ವಾ. ಆ ಹೆಚ್ಚಿನ ಆರು ಸೆಕೆಂಡ್ ಜನರೇಟರ್ ಕಡೆ ನಡೆದು ಹೋಗುವ ಶಾಟ್‌ನಿಂದ ತೆಗೆಯುತ್ತೇನೆ. ಧ್ವನಿ ವಿಷಯದಲ್ಲಿ ನಾನೂ ಪಾರ್ಟ್ನರೂ ಇನ್ನೂ ಮಾತು ಬಿಟ್ಟಿದ್ದೇವೆ.